ತಾನು ಇದ್ದಷ್ಟೇ ಏರುವ ಲೆಕ್ಕ

ಪಿಯುಸಿಯವರಿಗೆಲ್ಲ ಡೆರಿವೇಟಿವ್ ಪಟ್ಟಿ ಬಾಯಿಪಾಠ ಆಗಿರುತ್ತದೆ. x² ಕೊಟ್ಟರೆ 2x, x³ ಕೊಟ್ಟರೆ 3x². ಪಟ್ಟಿಯಲ್ಲಿ ಒಂದು ಸಾಲು ಮಾತ್ರ ವಿಚಿತ್ರ. eˣ ಕೊಟ್ಟರೆ eˣ ಅಂತಲೇ ಉತ್ತರ. ನೆನಪಿಡಲು ಇದರಷ್ಟು ಸುಲಭ ಇನ್ನೊಂದಿಲ್ಲ. ಆದರೆ ಅದು ಯಾಕೆ ಬದಲಾಗುವುದಿಲ್ಲ, ಆ e ಅನ್ನುವ 2.718 ಎಲ್ಲಿಂದ ಬಂತು ಅನ್ನುವುದು ನನಗೆ ಬಹಳ ದಿನ ಕಾಡಿತು. ಬೇಸಿಗೆ ರಜೆಯಲ್ಲಿ ಕೂತು ಲೆಕ್ಕ ಹಾಕಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ಹೈಸ್ಕೂಲಿನ ತಮ್ಮ ತಂಗಿಯರೂ ಓದಬಹುದು. ಡೆರಿವೇಟಿವ್ ಅಂದರೆ ಏರಿಕೆಯ ವೇಗ ಅಂತ ತಿಳಿದುಕೊಂಡರೆ ಸಾಕು.

ಮೊದಲು e ಬಿಟ್ಟು 2 ತೆಗೆದುಕೊಳ್ಳೋಣ. ವರ್ಷಕ್ಕೊಮ್ಮೆ ಎರಡರಷ್ಟಾಗುವ ಒಂದು ಮೊತ್ತ ಇದೆ ಅನ್ನಿ. 1 ರೂಪಾಯಿ ಇದ್ದದ್ದು x ವರ್ಷಕ್ಕೆ 2ˣ ಆಗುತ್ತದೆ. ಇನ್ನು h ಅನ್ನುವ ಚಿಕ್ಕ ಕಾಲ ಕಳೆದರೆ 2ˣ⁺ʰ ಆಗುತ್ತದೆ. ಅಂದರೆ ಏರಿದ್ದು ಎಷ್ಟು?

2ˣ⁺ʰ − 2ˣ = 2ˣ × (2ʰ − 1)

ವೇಗ ಬೇಕಾದರೆ ಇದನ್ನು h ನಿಂದ ಭಾಗಿಸಬೇಕು. ಆಗ 2ˣ × (2ʰ − 1)/h ಬರುತ್ತದೆ. ಇಲ್ಲಿ ಸ್ವಲ್ಪ ನಿಂತು ನೋಡಿ. ಎರಡನೇ ಭಾಗದಲ್ಲಿ x ಇಲ್ಲವೇ ಇಲ್ಲ! ಮೊದಲನೇ ವರ್ಷವಾಗಲಿ ಐವತ್ತನೇ ವರ್ಷವಾಗಲಿ, h ಸೊನ್ನೆಯ ಹತ್ತಿರ ಹೋದಾಗ ಆ ಭಾಗ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತದೆ. ಅಂದರೆ ಏರಿಕೆಯ ವೇಗ ಯಾವಾಗಲೂ 'ಈಗ ಇರುವ ಮೊತ್ತ ಗುಣಿಸು ಒಂದು ಸ್ಥಿರ ಸಂಖ್ಯೆ'. 2ರ ಬದಲು 3 ಹಾಕಿ, 10 ಹಾಕಿ, ಮಾತು ಇದೇ. ಸ್ಥಿರ ಸಂಖ್ಯೆ ಮಾತ್ರ ಬೇರೆ ಆಗುತ್ತದೆ.

ಆ ಸಂಖ್ಯೆ ಎಷ್ಟು ಅಂತ ಅಂಗಡಿ ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. 2 ಒತ್ತಿ, ವರ್ಗಮೂಲದ ಗುಂಡಿಯನ್ನು ಹತ್ತು ಸಲ ಒತ್ತಿ. ಪ್ರತಿ ಸಲವೂ ಘಾತ ಅರ್ಧವಾಗುತ್ತದೆ, ಹತ್ತು ಸಲಕ್ಕೆ 1/1024 ಆಗುತ್ತದೆ. ಅದೇ ನಮ್ಮ h. ಬಂದದ್ದರಲ್ಲಿ 1 ಕಳೆದು 1024ರಿಂದ ಗುಣಿಸಿ. 2ಕ್ಕೆ ಸುಮಾರು 0.693 ಬರುತ್ತದೆ. 3 ಹಾಕಿ ಹೀಗೇ ಮಾಡಿದರೆ ಸುಮಾರು 1.099. ಅಂದರೆ 2ˣ ತನಗಿಂತ ಸ್ವಲ್ಪ ನಿಧಾನವಾಗಿ ಏರುತ್ತದೆ, 3ˣ ತನಗಿಂತ ಸ್ವಲ್ಪ ಜೋರಾಗಿ ಏರುತ್ತದೆ. ಹಾಗಾದರೆ 2ಕ್ಕೂ 3ಕ್ಕೂ ನಡುವೆ ಎಲ್ಲೋ ಒಂದು ಕಡೆ ಸ್ಥಿರ ಸಂಖ್ಯೆ ಸರಿಯಾಗಿ 1 ಆಗಲೇಬೇಕು. ಆ ಬುಡಕ್ಕೇ e ಅಂತ ಹೆಸರು. 1ರಿಂದ ಗುಣಿಸಿದರೆ ಏನೂ ಬದಲಾಗುವುದಿಲ್ಲವಲ್ಲ, ಅದಕ್ಕೇ eˣ ನ ಡೆರಿವೇಟಿವ್ eˣ. ಮೊತ್ತ 5 ಇದ್ದಾಗ ವೇಗವೂ 5, ಮೊತ್ತ 100 ಇದ್ದಾಗ ವೇಗವೂ 100.

ಈಗ ಅದನ್ನು ಹುಡುಕೋಣ. ನಮಗೆ ಬೇಕಾದದ್ದು ಇಷ್ಟೆ: h ಬಹಳ ಚಿಕ್ಕದಾದಾಗ (aʰ − 1)/h ಎಂಬುದು 1 ಆಗಬೇಕು. ಅಂದರೆ aʰ ಹೆಚ್ಚುಕಡಿಮೆ 1 + h ಆಗಬೇಕು. h ಅನ್ನು 1/n ಅಂತ ಬರೆದು ಎರಡೂ ಕಡೆ n ನೇ ಘಾತ ತೆಗೆದುಕೊಂಡರೆ a ಎಂಬುದು ಹೆಚ್ಚುಕಡಿಮೆ

(1 + 1/n)ⁿ

n ದೊಡ್ಡದಾದಷ್ಟೂ ಇದು e ಗೆ ಹತ್ತಿರವಾಗುತ್ತದೆ. ಪುಸ್ತಕದಲ್ಲಿ ಲಿಮಿಟ್ ಅಂತ ಬರೆದಿರುವುದು ಇದನ್ನೇ. ಇದು ಪೂರ್ತಿ ಸಾಧನೆ ಅಲ್ಲ, ಆದರೆ ದಾರಿ ಇದೇ.

ಈ ಸೂತ್ರ ನೋಡಿದಾಗ ನನಗೆ ನಮ್ಮಜ್ಜಿ ನೆನಪಾದರು. ಹುಳು ಸಾಕುವ ಮನೆಗಳಲ್ಲಿ ಸೊಪ್ಪಿಗೆ, ಮೊಟ್ಟೆಗೆ ಅಂತ ಕೈಸಾಲ ಮಾಡಿ, ರಾಮನಗರ ಮಾರುಕಟ್ಟೆಯಲ್ಲಿ ಗೂಡು ಮಾರಿದ ಮೇಲೆ ತೀರಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಜ್ಜಿ ಒಂದು ಸಲ, "ಬಡ್ಡಿಗೆ ಬಡ್ಡಿ, ಆ ಬಡ್ಡಿಗೂ ಬಡ್ಡಿ ಅಂತ ದಿನಾ ಹಾಕ್ತಾ ಹೋದ್ರೆ ಅದಕ್ಕೆ ಕೊನೆ ಎಲ್ಲೈತೆ ಮಗಾ?" ಅಂದಿದ್ದರು. ಇದೇ ಪ್ರಶ್ನೆಯನ್ನು 1683ರಲ್ಲಿ ಸ್ವಿಟ್ಜರ್‌ಲೆಂಡಿನ ಜೇಕಬ್ ಬರ್ನೌಲಿ ಎಂಬ ಗಣಿತಜ್ಞ ಹಾಕಿಕೊಂಡಿದ್ದ. e ಎಂಬ ಅಕ್ಷರ ಕೊಟ್ಟವನು ಅವನ ನಂತರ ಬಂದ ಆಯ್ಲರ್.

1 ರೂಪಾಯಿಗೆ ವರ್ಷಕ್ಕೆ 1 ರೂಪಾಯಿ ಬಡ್ಡಿ ಅನ್ನಿ. ವರ್ಷದ ಕೊನೆಗೆ ಒಂದೇ ಸಲ ಬಡ್ಡಿ ಸೇರಿಸಿದರೆ 2 ರೂಪಾಯಿ. ಆರು ತಿಂಗಳಿಗೊಮ್ಮೆ ಅರ್ಧರ್ಧ ಸೇರಿಸಿದರೆ 1.5 × 1.5 = 2.25. ತಿಂಗಳಿಗೊಮ್ಮೆ ಸೇರಿಸಿದರೆ 2.613. ದಿನಕ್ಕೊಮ್ಮೆ ಸೇರಿಸಿದರೆ 2.7146. ವರ್ಷವನ್ನು ಹತ್ತು ಲಕ್ಷ ತುಂಡು ಮಾಡಿ ಸೇರಿಸಿದರೂ 2.71828. ಮೊದಮೊದಲು ದಾಪುಗಾಲು ಹಾಕಿದ್ದು ಆಮೇಲೆ ಆಮೆ ನಡಿಗೆ!

ಯಾಕೆ ನಿಲ್ಲುತ್ತದೆ? ದ್ವಿಪದ ಪ್ರಮೇಯದಿಂದ (1 + 1/n)ⁿ ಬಿಡಿಸಿ ಬರೆಯಿರಿ. ಮೊದಲ ಪದ 1, ಎರಡನೆಯದು 1. ಮೂರನೆಯದು 1/2ಕ್ಕಿಂತ ಕಡಿಮೆ, ನಾಲ್ಕನೆಯದು 1/6ಕ್ಕಿಂತ ಕಡಿಮೆ, ಐದನೆಯದು 1/24ಕ್ಕಿಂತ ಕಡಿಮೆ. ಇವನ್ನು 1/2, 1/4, 1/8 ಜೊತೆ ಹೋಲಿಸಿ. ಇವು ಯಾವುದೂ ಅದನ್ನು ಮೀರುವುದಿಲ್ಲ. 1/2, 1/4, 1/8 ಅಂತ ಎಷ್ಟು ಕೂಡಿದರೂ 1 ದಾಟುವುದಿಲ್ಲ. ಆದ್ದರಿಂದ ಒಟ್ಟು ಮೊತ್ತ 1 + 1 + 1, ಅಂದರೆ 3 ದಾಟುವ ಹಾಗೇ ಇಲ್ಲ. ಏರುತ್ತಲೇ ಇರಬೇಕು, 3 ದಾಟಬಾರದು. ಹಾಗಾದರೆ ಎಲ್ಲೋ ಒಂದು ಕಡೆ ನೆಲೆ ನಿಲ್ಲಲೇಬೇಕು.

ಇಲ್ಲಿ ಒಂದು ಮೋಸ ಇದೆ. "n ಅನಂತವಾದರೆ 1/n ಸೊನ್ನೆ, 1ರ ಘಾತ ಎಷ್ಟಾದರೂ 1, ಹಾಗಾಗಿ ಉತ್ತರ 1" ಅಂತ ಕೆಲವರು ವಾದ ಮಾಡುತ್ತಾರೆ. ಎಂಟು ಅಂಕಿಯ ಕ್ಯಾಲ್ಕುಲೇಟರೂ ಹಾಗೇ ಹೇಳುತ್ತದೆ. n ಗೆ ಹತ್ತು ಕೋಟಿ ಹಾಕಿದರೆ 1.00000001 ಬರಬೇಕು, ಅದಕ್ಕೆ ಒಂಬತ್ತು ಅಂಕಿ ಬೇಕು. ಜಾಗ ಸಾಲದೆ ಅದು ಬರೀ 1 ಅಂತ ಇಟ್ಟುಕೊಳ್ಳುತ್ತದೆ, ಆಮೇಲೆ ಎಷ್ಟು ಗುಣಿಸಿದರೂ 1 ತಾನೇ? 1/n ಚಿಕ್ಕದಾಗುತ್ತಿರುವಾಗಲೇ ಗುಣಿಸುವ ಸಲವೂ ಹೆಚ್ಚುತ್ತಿದೆ. ಒಂದನ್ನು ಮೊದಲು ಮುಗಿಸಿ ಇನ್ನೊಂದನ್ನು ಆಮೇಲೆ ಮಾಡಬಾರದು. n ದೊಡ್ಡದು ಮಾಡುತ್ತಾ ಹೋಗುವಾಗ ಉತ್ತರ 2.71ರ ಹತ್ತಿರ ಬಂದು ಆಮೇಲೆ ತಪ್ಪಿ ಎಲ್ಲೆಲ್ಲೋ ಹೋದರೆ, ದೋಷ ಅಂಕಿ ಸಾಲದ್ದರದ್ದು, ಸೂತ್ರದ್ದಲ್ಲ.

ಅಜ್ಜಿಗೆ ಉತ್ತರ ಹೇಳಬೇಕಲ್ಲ, ನೂರಕ್ಕೆ ಎರಡರ ಲೆಕ್ಕ ಹಾಕಿದೆ. ತಿಂಗಳಿಗೆ 2 ರೂಪಾಯಿ ಅಂದರೆ ವರ್ಷಕ್ಕೆ 24. ಚಕ್ರಬಡ್ಡಿ ಇಲ್ಲದಿದ್ದರೆ 100 ರೂಪಾಯಿ ವರ್ಷಕ್ಕೆ 124. ತಿಂಗಳಿಗೊಮ್ಮೆ ಬಡ್ಡಿ ಸೇರಿಸಿದರೆ 126.82. ಕ್ಷಣಕ್ಷಣಕ್ಕೂ ಸೇರಿಸಿದರೆ e ಯ 0.24ನೇ ಘಾತ, ಅಂದರೆ 127.12. ತಿಂಗಳಿಗೂ ಕ್ಷಣಕ್ಕೂ ವ್ಯತ್ಯಾಸ ಬರೀ 30 ಪೈಸೆ!

ಆದರೆ ಸಾಲ ಐದು ವರ್ಷ ಉಳಿದರೆ? ಸರಳ ಬಡ್ಡಿಯಲ್ಲಿ 220. ತಿಂಗಳ ಚಕ್ರಬಡ್ಡಿಯಲ್ಲಿ 328. ಕ್ಷಣಕ್ಷಣದ ಬಡ್ಡಿಯಲ್ಲಿ 332. ವರ್ಷದೊಳಗೆ ಎಷ್ಟು ಸಲ ಸೇರಿಸಿದರೂ ಅದಕ್ಕೊಂದು ಕೊನೆ ಇದೆ. ವರ್ಷಗಳು ಉರುಳಿದರೆ ಕೊನೆ ಇಲ್ಲ, ಯಾಕೆಂದರೆ ಮೊತ್ತ ಎಷ್ಟಿದೆಯೋ ವೇಗವೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಇದನ್ನು ಹೇಳಿದಾಗ ಅಜ್ಜಿ, "ಅಂಗಾದ್ರೆ ದಿನಾ ಹಾಕೋನಿಗೆ ಹೆದರೋದಲ್ಲ, ವರ್ಸಗಟ್ಲೆ ಉಳಿಸ್ಕೊಳ್ಳೋದಕ್ಕೆ ಹೆದರಬೇಕು ಅನ್ನು" ಅಂದರು.