ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ

ಹೋದ ಅಕ್ಟೋಬರಿನಲ್ಲಿ ನೊಯ್ಡಾದ ನಮ್ಮ ಮನೆಯಲ್ಲಿ ಎರಡು ವಾರ ಒಂದೇ ಚರ್ಚೆ: ಅಪ್ಪನ ಬೈಪಾಸ್ ಆಪರೇಷನ್ ಇಲ್ಲೋ, ಮೈಸೂರಿನಲ್ಲೋ? ಒಂದು ಸಂಜೆ "ಇಲ್ಲೇ ಮಾಡಿಸೋಣಮ್ಮ" ಎಂದೆ. ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು. ಅಮ್ಮ ಬೆರಳಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎಂದಳು. "ಕೇಳಿಸ್ತಾ? ನಿಜ ಅಂತಿದೆ." ಅಲ್ಲಿಗೆ ಚರ್ಚೆ ಮುಗಿಯಿತು.

ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ಪಂಚಾಂಗದಲ್ಲಿ ಪಟ್ಟಿಯೇ ಇರುತ್ತದೆ. ಲೊಚಗುಟ್ಟಿದರೆ ಮಾತ್ರ ನಮ್ಮ ಮನೆಯ ನಿಯಮ ಸರಳ: ಆಡುತ್ತಿದ್ದ ಮಾತು ಸತ್ಯ.

ಹಲ್ಲಿಗೆ ಅದರದೇ ವ್ಯವಹಾರವಿದೆ. ಕತ್ತಲಾದ ಮೇಲೆ ದೀಪಕ್ಕೆ ಬರುವ ಹುಳು ಹಿಡಿಯಲು ಹೊರಬರುತ್ತದೆ. ಇನ್ನೊಂದು ಹಲ್ಲಿಗೆ 'ಇದು ನನ್ನ ಜಾಗ' ಎಂದು ಎಚ್ಚರಿಸಲು, ಹೆಣ್ಣನ್ನು ಕರೆಯಲು ಸದ್ದು ಮಾಡುತ್ತದೆ. ಮನೆಮಂದಿ ದೀಪದ ಕೆಳಗೆ ಕೂತು ಮಾತಾಡುವುದೂ ಅದೇ ಹೊತ್ತಿಗೆ. ಸಂಜೆ ಏಳರಿಂದ ಹತ್ತರೊಳಗೆ ಅದು ಹನ್ನೆರಡು ಸಲ ಲೊಚಗುಟ್ಟಿತು ಎಂದುಕೊಳ್ಳಿ. ಸರಾಸರಿ ಕಾಲು ಗಂಟೆಗೊಮ್ಮೆ. ಮಾತು ಮುಗಿದ ಅರ್ಧ ನಿಮಿಷದೊಳಗೆ ಸದ್ದಾದರೆ ಅದು 'ಸಾಕ್ಷಿ'. ಅಂದರೆ ಆಡಿದ ಮೂವತ್ತು ಮಾತಿನಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಸಾಕ್ಷಿ ಸಿಕ್ಕೇ ಸಿಗುತ್ತದೆ. ಉಳಿದ ಇಪ್ಪತ್ತೊಂಬತ್ತು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅಮ್ಮ ಅದೇ ವಾರ "ಮೈಸೂರೇ ವಾಸಿ" ಎಂದು ಎಷ್ಟು ಸಲ ಅಂದಿದ್ದಳೋ, ಆಗ ಹಲ್ಲಿ ಸುಮ್ಮನಿದ್ದದ್ದನ್ನು ನಾನೂ ಲೆಕ್ಕ ಇಟ್ಟಿರಲಿಲ್ಲ.

ಆದರೂ ಈ ಗಣಿತವನ್ನು ಅಮ್ಮನಿಗೆ ಹೇಳಲಿಲ್ಲ. ಬದನೆಕಾಯಿ ತರುವುದೋ ಬೆಂಡೆಕಾಯಿ ತರುವುದೋ ಎಂದು ಅವಳು ಹಲ್ಲಿಯನ್ನು ಎಂದೂ ಕೇಳಿದವಳಲ್ಲ. ಟ್ರೊಬ್ರಿಯಾಂಡ್ ದ್ವೀಪದ ಬೆಸ್ತರ ಬಗ್ಗೆ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಬರೆದದ್ದೂ ಇದನ್ನೇ: ತಮ್ಮ ಕೈಚಳಕ ಸಾಕಾಗುವ ಶಾಂತ ಹಿನ್ನೀರಿನಲ್ಲಿ ಅವರಿಗೆ ಮಾಟಮಂತ್ರ ಬೇಕಿರಲಿಲ್ಲ, ಅಪಾಯದ ತೆರೆದ ಕಡಲಿಗೆ ಇಳಿಯುವಾಗ ಬೇಕಿತ್ತು. ನಮಗೆ ಆ ಎದೆಯ ರಿಪೋರ್ಟೇ ತೆರೆದ ಕಡಲು. ನಿರ್ಧಾರ ತಪ್ಪಾದರೆ ಹೊಣೆ ಯಾರದು ಎಂಬ ಭಯ ಇಬ್ಬರಿಗೂ ಇತ್ತು. ಹಲ್ಲಿ ಅದರಲ್ಲಿ ಒಂದು ಪಾಲು ಹೊತ್ತುಕೊಂಡಿತು. ನಿಜ ಹೇಳಬೇಕೆಂದರೆ, ಅದು ನನ್ನ ಮಾತಿಗೆ ಲೊಚಗುಟ್ಟಿದ್ದಕ್ಕೆ ನನಗೆ ಹಾಯೆನಿಸಿತ್ತು.

ಅಪ್ಪನ ಸಕ್ಕರೆ ಹತೋಟಿಗೆ ಬರುವಷ್ಟರಲ್ಲಿ ಡಿಸೆಂಬರ್ ಬಂತು. ಹಲ್ಲಿಯದು ತಣ್ಣನೆ ರಕ್ತ. ದೆಹಲಿಯ ಚಳಿಗೆ ಯಾವ ಸಂದಿಗೆ ಸೇರಿತೋ, ಪತ್ತೆಯೇ ಇಲ್ಲ. "ಏನೂ ಹೇಳ್ತಾನೇ ಇಲ್ವಲ್ಲೋ" ಎಂದು ಅಮ್ಮ ಟ್ಯೂಬ್‌ಲೈಟ್ ನೋಡುತ್ತಾ ಕೂರುತ್ತಿದ್ದಳು.

ಆಸ್ಪತ್ರೆಗೆ ಹೊರಟ ಬೆಳಗ್ಗೆ ಹೊಗೆಮಂಜು. ಹೊಸ್ತಿಲು ದಾಟುವಾಗ ನನಗೇ ಸೀನು ಬಂತು, ಒಂದೇ ಒಂದು. ಒಂಟಿ ಸೀನು ಅಪಶಕುನ, ಎರಡಾದರೆ ದೋಷವಿಲ್ಲ. ಅಮ್ಮ ತಿರುಗಿ ನೋಡುವಷ್ಟರಲ್ಲಿ, ಎಂ.ಟೆಕ್. ಮಾಡಿದ ನಾನು ಮೂಗು ತಿಕ್ಕಿಕೊಂಡು ಎರಡನೆಯದನ್ನು ಬರಿಸಲು ನೋಡುತ್ತಿದ್ದೆ.