ಅಮ್ಮ ಕೇಳಿದ್ರು, "ಯಾರಿದು?"

ಹಿರಿಯಡ್ಕದ ನಮ್ಮ ಮನೆಯಲ್ಲಿ ಅಜ್ಜಿಯದ್ದು ಒಂದೇ ಫೋಟೋ. ಸ್ಟುಡಿಯೋಗೆ ಹೋಗುವ ದುಡ್ಡೆಲ್ಲಿತ್ತು? ಯಾರದೋ ಮದುವೆಯ ಗುಂಪಿನ ಕೊನೇ ಸಾಲು. ಸ್ಕ್ಯಾನ್ ಮಾಡಿದರೆ ಮುಖದ ಅಗಲ 40 ಪಿಕ್ಸೆಲ್, ಅಷ್ಟೇ.

ರಿಯಲ್-ಇಎಸ್‌ಆರ್‌ಗ್ಯಾನ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿದೆ, ಮುಖ ತಿದ್ದುವ ಆಯ್ಕೆಯನ್ನೂ ಹಾಕಿದೆ. ನುಣುಪು ಕೆನ್ನೆ, ಹೊಳೆಯುವ ಕಣ್ಣು ಬಂತು. ಅಮ್ಮ ನೋಡಿ, "ಯಾರಿದು?" ಅಂದ್ರು.

ನಾಲ್ಕು ಪಟ್ಟು ಅಂದ್ರೆ ಒಂದು ಪಿಕ್ಸೆಲ್ ಜಾಗದಲ್ಲಿ 16. ಹೊಸ ವಿವರವನ್ನು ಮಾಡೆಲ್ ತಾನು ಕಲಿತ ಬೇರೆಯವರ ಫೋಟೋಗಳ ಬಲದಿಂದ ಊಹಿಸಿ ತುಂಬುತ್ತದೆ.

ಪರೀಕ್ಷಿಸೋಣ ಅಂತ ಅಮ್ಮನ ಈಗಿನ ಸ್ಪಷ್ಟ ಫೋಟೋವನ್ನು ಮುಖ 40 ಪಿಕ್ಸೆಲ್ ಆಗುವಷ್ಟು ಕುಗ್ಗಿಸಿ, ಮತ್ತೆ ಹಿಗ್ಗಿಸಿದೆ. ಗಲ್ಲದ ಕಲೆ ಮಾಯ, ಇಲ್ಲದ ಕಿವಿಯೋಲೆ ಹಾಜರು! (ನಮ್ಮವರ ಸುಕ್ಕು ಅದಕ್ಕೆ ಬರೀ ಕೊಳೆ.) ತಲೆಯ ವಾಲು, ಸೆರಗಿನ ರೀತಿ ಮಾತ್ರ ಉಳಿದಿತ್ತು. ಅಜ್ಜಿಯದ್ದರಲ್ಲೂ ಅಷ್ಟನ್ನೇ ನಂಬಿದೆ.

ಗೋಡೆಯಲ್ಲಿ ಮಸುಕು ಮೂಲವೇ ಇದೆ. ದೊಡ್ಡದರ ಫೈಲಿನ ಹೆಸರು "ಅಜ್ಜಿ_ಊಹೆ".