‘ರದ್ದು’ ಎಂದರೆ ಯಾವುದು ರದ್ದು?

ಪುಣೆಯಲ್ಲಿ ನೆಲೆಸಿರುವ ಕನ್ನಡದ ಎಷ್ಟೋ ಮನೆಗಳಲ್ಲಿ ಒಂದೊಂದು ಭಾಷೆಗೆ ಒಂದೊಂದು ಕೆಲಸ. ತರಕಾರಿ ಕೊಳ್ಳುವಾಗ ಮರಾಠಿ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್, ಅಡುಗೆಮನೆಯಲ್ಲಿ ಕನ್ನಡ. ವಿಜಯಪುರದ ಕಡೆಯಿಂದ ಮಗನ ಮನೆಗೆ ಬಂದು ಉಳಿದ ಅಜ್ಜಿಯೊಬ್ಬರು ಪುರಾಣ ಪ್ರವಚನ ಕೇಳಲೆಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಸಿಕೊಂಡರು ಎಂದುಕೊಳ್ಳಿ. ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಮೊಮ್ಮಗ ಒತ್ತುತ್ತಾನೆ. ಕೆಳಗಿದ್ದ ಕರಾರನ್ನು ಅವನೂ ಓದುವುದಿಲ್ಲ. ಆದರೆ ದುಡ್ಡು ಹೋಗುವುದು ಅಜ್ಜಿಯ ಪಿಂಚಣಿ ಖಾತೆಯಿಂದ.

ಇಂಥ ಕರಾರುಗಳನ್ನು ಕನ್ನಡಕ್ಕೆ ತರುವುದು ಈಗ ಅನುವಾದಕರ ಪಾಲಿಗೆ ಬರುತ್ತಿರುವ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಬ್ಬರ ಮಾಹಿತಿಯನ್ನು ಬಳಸಲು ಒಪ್ಪಿಗೆ ಕೇಳುವ ಕಂಪನಿ ಆ ನೋಟೀಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಈ ಆಯ್ಕೆ ರಾಜ್ಯದ ಗಡಿಗೆ ಕಟ್ಟುಬಿದ್ದಿಲ್ಲ. ಪುಣೆಯಲ್ಲಿ ಕೂತ ಅಜ್ಜಿಯೂ ಕನ್ನಡದ ನೋಟೀಸು ಕೇಳಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನೋಟೀಸಿನ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಆದರೆ ಭಾಷೆಯ ಈ ಹಕ್ಕು ಮಾಹಿತಿಯ ನೋಟೀಸಿಗೆ ಮಾತ್ರ. ಚಂದಾ ನಿಲ್ಲಿಸುವುದು, ದುಡ್ಡು ವಾಪಸ್ ಪಡೆಯುವುದು ಇವು ಈ ಕಾಯ್ದೆಯ ವ್ಯಾಪ್ತಿಯ ಹೊರಗಿವೆ. ಅವನ್ನೂ ಕನ್ನಡದಲ್ಲಿ ಕೊಡುವುದು ಕಂಪನಿಯ ಮನಸ್ಸಿಗೆ ಬಿಟ್ಟದ್ದು.

ಕೆಲಸಕ್ಕೆ ಕೈ ಹಾಕಿದಾಗ ಎದುರಾಗುವುದು ಹೀಗೊಂದು ವಾಕ್ಯ: “ಪ್ರಸ್ತುತ ಬಿಲ್ಲಿಂಗ್ ಅವಧಿಯ ಮುಕ್ತಾಯಕ್ಕೆ ಕನಿಷ್ಠ 24 ಗಂಟೆಗಳ ಮುಂಚಿತವಾಗಿ ರದ್ದುಗೊಳಿಸದ ಹೊರತು ಚಂದಾದಾರಿಕೆಯು ಸ್ವಯಂಚಾಲಿತವಾಗಿ ನವೀಕರಿಸಲ್ಪಡುತ್ತದೆ ಹಾಗೂ ಅನ್ವಯವಾಗುವ ಕಾನೂನು ಅಗತ್ಯಪಡಿಸುವ ಸಂದರ್ಭವನ್ನು ಹೊರತುಪಡಿಸಿ ಭಾಗಶಃ ಬಳಸಲಾದ ಅವಧಿಗೆ ಮರುಪಾವತಿಯನ್ನು ಒದಗಿಸಲಾಗುವುದಿಲ್ಲ.”

ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಪದಗಳೂ ನಿಘಂಟಿನಲ್ಲಿವೆ. ಆದರೂ ಓದುವವರು ಮಧ್ಯದಲ್ಲೇ ಕೈಬಿಡುತ್ತಾರೆ. ಕಾರಣ ಕನ್ನಡ ವಾಕ್ಯದ ಕಟ್ಟಡದಲ್ಲೇ ಇದೆ. ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ, ಷರತ್ತುಗಳು ಅದರ ಹಿಂದೆ ಬಾಲದಂತೆ ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಅಂದರೆ ಎಲ್ಲ ‘ಹೊರತು’ಗಳನ್ನೂ ತಲೆಯಲ್ಲಿ ಹೊತ್ತುಕೊಂಡು ಕೊನೆಯವರೆಗೆ ನಡೆದ ಮೇಲೆಯೇ ‘ಇಲ್ಲ’ ಎಂಬುದು ಗೊತ್ತಾಗುವುದು. ‘ಒದಗಿಸಲಾಗುವುದಿಲ್ಲ’ ಎಂಬ ಕರ್ಮಣಿ ಪ್ರಯೋಗ ಕೊಡದೇ ಇರುವವರು ಯಾರು ಎಂಬುದನ್ನೂ ಮರೆಮಾಡುತ್ತದೆ.

ಆದ್ದರಿಂದ ಸುಲಭ ಪದ ಹುಡುಕುವುದು ಎರಡನೆಯ ಕೆಲಸ. ಮೊದಲನೆಯದು ವಾಕ್ಯವನ್ನು ಬಿಡಿಸಿ, ಏನಾಗುತ್ತದೆ ಎಂಬುದನ್ನು ಮುಂದಕ್ಕೆ ತಂದು, ಷರತ್ತನ್ನು ಹಿಂದಕ್ಕೆ ಕಳಿಸುವುದು. ಅಮೂರ್ತ ‘ಅವಧಿ’ಯ ಬದಲು ತಾರೀಖು ಬರಬೇಕು. ತಿಂಗಳಿಗೆ ₹299 ಚಂದಾ, ಪ್ರತಿ ತಿಂಗಳ 5ಕ್ಕೆ ಕಡಿತ ಎಂದಿಟ್ಟುಕೊಂಡರೆ ಮೇಲಿನ ಕರಾರು ಹೀಗಾಗುತ್ತದೆ:

“ನೀವು ನಿಲ್ಲಿಸುವವರೆಗೆ ಪ್ರತಿ ತಿಂಗಳ 5ನೇ ತಾರೀಖು ನಿಮ್ಮ ಖಾತೆಯಿಂದ ₹299 ತೆಗೆದುಕೊಳ್ಳುತ್ತೇವೆ. ಮುಂದಿನ ತಿಂಗಳಿಂದ ಬೇಡವೆಂದರೆ 3ನೇ ತಾರೀಖು ರಾತ್ರಿ 12 ಗಂಟೆಯೊಳಗೆ ನಿಲ್ಲಿಸಿ. ನಿಲ್ಲಿಸಿದ ಮೇಲೂ 4ನೇ ತಾರೀಖಿನ ರಾತ್ರಿವರೆಗೆ ಆ್ಯಪ್ ಬಳಸಬಹುದು. ಉಳಿದ ದಿನಗಳ ದುಡ್ಡನ್ನು ವಾಪಸ್ ಕೊಡುವುದಿಲ್ಲ. ಕೊಡಲೇಬೇಕೆಂದು ಕಾನೂನು ಹೇಳುವ ಕಡೆ ಮಾತ್ರ ಕೊಡುತ್ತೇವೆ. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಕಡಿತ ನಿಲ್ಲುವುದಿಲ್ಲ.”

ಕೊನೆಯ ಸಾಲು ಮೂಲದಲ್ಲಿಲ್ಲ. ಕಂಪನಿಯನ್ನು ಕೇಳಿ ಸೇರಿಸಬೇಕಾದದ್ದು ಅದು. ‘ರದ್ದು’ ಎಂಬ ಒಂದೇ ಪದಕ್ಕೆ ಆ್ಯಪಿನ ಲೋಕದಲ್ಲಿ ಮೂರು ಅರ್ಥಗಳಿವೆ: ಮುಂದಿನ ಕಡಿತ ನಿಲ್ಲಿಸುವುದು, ಖಾತೆಯನ್ನೇ ಅಳಿಸುವುದು, ಮಾಡಿದ ಆರ್ಡರ್ ಹಿಂತೆಗೆದುಕೊಳ್ಳುವುದು. ರೈಲು ಟಿಕೆಟ್ ರದ್ದು ಮಾಡಿ ಅಭ್ಯಾಸವಿರುವವರಿಗೆ ರದ್ದು ಎಂದರೆ ಒಂದಿಷ್ಟಾದರೂ ದುಡ್ಡು ವಾಪಸ್ ಬರುತ್ತದೆ ಎಂದೇ ಅರ್ಥ. ಅದಕ್ಕೇ ಮೂರಕ್ಕೂ ಬೇರೆ ಬೇರೆ ಕ್ರಿಯಾಪದ ಇಡುವುದು ವಾಸಿ: ‘ಚಂದಾ ನಿಲ್ಲಿಸಿ’, ‘ಖಾತೆ ಅಳಿಸಿ’, ‘ಆರ್ಡರ್ ರದ್ದು ಮಾಡಿ’. ಗುಂಡಿಯ ಮೇಲೆ ಯಾವ ಮಾತಿದೆಯೋ ಕರಾರಿನಲ್ಲೂ ಅದೇ ಮಾತಿರಬೇಕು.

ತಾರೀಖು ಹಾಕಿ ಬರೆದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. 2021ರ ಅಕ್ಟೋಬರ್‌ನಿಂದ ಪೂರ್ತಿ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಹೀಗೆ ತಾನಾಗಿ ಆಗುವ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು. 5ರ ಬೆಳಿಗ್ಗೆಯ ಕಡಿತಕ್ಕೆ ಸಂದೇಶ 4ರ ಬೆಳಿಗ್ಗೆ ಬಂದರೂ ನಿಯಮ ಪಾಲಿಸಿದಂತಾಯಿತು. ಆದರೆ ಕರಾರಿನ ಪ್ರಕಾರ ನಿಲ್ಲಿಸುವ ಗಡುವು 3ರ ರಾತ್ರಿಗೇ ಮುಗಿದಿರುತ್ತದೆ. ಸಂದೇಶ ಓದಿ ಎಚ್ಚೆತ್ತ ಅಜ್ಜಿಗೆ ಆ್ಯಪಿನಲ್ಲಿ ದಾರಿ ಮುಚ್ಚಿದೆ. ಬ್ಯಾಂಕಿನ ಕಡೆಯ ದಾರಿ ಮಾತ್ರ ತೆರೆದಿರುತ್ತದೆ: ಅದೇ ನಿಯಮ ಆ ಒಂದು ಕಡಿತವನ್ನಾಗಲಿ ಇಡೀ ಅನುಮತಿಯನ್ನಾಗಲಿ ಬೇಡವೆನ್ನುವ ಅವಕಾಶ ಕೊಟ್ಟಿದೆ. ಓದುವವರಿಗೆ ನಿಜವಾಗಿ ಬೇಕಾದದ್ದು ಈ ಮಾಹಿತಿ.

ಮಾಹಿತಿಯ ಬಳಕೆಯ ಭಾಗದಲ್ಲಿ ಮೋಸಹೋಗುವುದು ಸುಲಭ ಪದಗಳಲ್ಲೇ. “ನಿಮ್ಮ ಮಾಹಿತಿಯನ್ನು ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು” ಎಂಬ ಸಾಲು ನೋಡಿ. ಹಂಚಿಕೊಳ್ಳುವುದು ಊಟವನ್ನು, ಸುಖದುಃಖವನ್ನು. ಅದು ಪ್ರೀತಿಯ ಮಾತು. ‘ಬಹುದು’ ಎಂಬುದು ಕನ್ನಡದಲ್ಲಿ ಅನುಮತಿಯೂ ಹೌದು, ಸಂಭವವೂ ಹೌದು. ಎಂದೋ ಒಮ್ಮೆ ಆಗಬಹುದಾದದ್ದು ಎಂದು ಓದುವವರು ತಿಳಿಯುತ್ತಾರೆ. ಕಂಪನಿ ಅದನ್ನು ತಾನು ಪಡೆದ ಅನುಮತಿ ಎಂದು ಓದುತ್ತದೆ. ಅನುವಾದಕರು ಇಲ್ಲಿ ಪೆನ್ನು ಕೆಳಗಿಟ್ಟು ಕೇಳಬೇಕು: ಯಾವ ಮಾಹಿತಿ, ಯಾರಿಗೆ, ಯಾತಕ್ಕೆ, ಬೇಡವೆನ್ನುವುದು ಹೇಗೆ? ಉತ್ತರ ಸಿಕ್ಕರೆ ಸಾಲು ಹೀಗಾಗುತ್ತದೆ: “ನೀವು ಯಾವ ಪ್ರವಚನ ಕೇಳುತ್ತೀರಿ ಎಂಬುದನ್ನು ಜಾಹೀರಾತು ಕಂಪನಿಗಳಿಗೆ ಕೊಡುತ್ತೇವೆ. ಬೇಡವಾದರೆ ಇಲ್ಲಿ ಒತ್ತಿ.” 2025ರ ನಿಯಮಗಳು ಕೇಳುವುದೂ ಇದನ್ನೇ: ಮಾಹಿತಿಯ ವಿವರವಾದ ಪಟ್ಟಿ, ಅದರ ಉದ್ದೇಶ, ಮತ್ತು ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಹಿಂಪಡೆಯುವ ದಾರಿ. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆ್ಯಪೊಂದು ಚಿಕಿತ್ಸೆಯ ಜೊತೆಗೆ ಫೋನಿನಲ್ಲಿರುವ ನಂಬರುಗಳ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ. ಬಳಕೆದಾರರು ಎರಡಕ್ಕೂ ಹೂಂ ಎಂದರೂ ಒಪ್ಪಿಗೆ ಸಲ್ಲುವುದು ಚಿಕಿತ್ಸೆಗೆ ಮಾತ್ರ, ಏಕೆಂದರೆ ಅದಕ್ಕೆ ಆ ಪಟ್ಟಿ ಬೇಕಿಲ್ಲ.

ಬರೆದದ್ದು ಓದುವಂತಿದೆಯೇ ಎಂದು ತಿಳಿಯಲು “ಅರ್ಥವಾಯಿತಾ?” ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲರೂ ಆಯಿತು ಎನ್ನುತ್ತಾರೆ. ಬದಲಿಗೆ ಪ್ರಸಂಗ ಕೊಟ್ಟು ಕೇಳಬೇಕು: “ಅಜ್ಜಿ, ನೀವು 20ನೇ ತಾರೀಖು ನಿಲ್ಲಿಸಿದಿರಿ. ಎಲ್ಲಿಯವರೆಗೆ ಕೇಳಬಹುದು? ಎಷ್ಟು ದುಡ್ಡು ವಾಪಸ್ ಬರುತ್ತದೆ?” “ಮುಂದಿನ 4ರ ತನಕ, ದುಡ್ಡು ಬರೂದಿಲ್ಲ” ಎಂಬ ಉತ್ತರ ಹುಡುಕಾಡದೆ ಬಂದರೆ ವಾಕ್ಯ ಗೆದ್ದಿತು. “ಉಳಿದ ದಿನದ್ದು ಬರಬೇಕಲ್ಲ” ಎಂದರೆ ತಿದ್ದಬೇಕಾದದ್ದು ವಾಕ್ಯವನ್ನು.

ಸರಳಗೊಳಿಸುವುದರಲ್ಲೂ ಅಪಾಯವಿದೆ. “7 ದಿನದಲ್ಲಿ ಮರುಪಾವತಿ ಪ್ರಕ್ರಿಯೆ ಆರಂಭಿಸುತ್ತೇವೆ” ಎಂಬುದನ್ನು “7 ದಿನದಲ್ಲಿ ದುಡ್ಡು ಬರುತ್ತದೆ” ಎಂದರೆ ಕಂಪನಿ ಕೊಡದ ಮಾತನ್ನು ಅನುವಾದಕರು ಕೊಟ್ಟಂತೆ. “ನಾವು 7 ದಿನದೊಳಗೆ ಕಳಿಸುತ್ತೇವೆ, ಬ್ಯಾಂಕಿನಲ್ಲಿ ಜಮೆಯಾಗಲು ಇನ್ನೂ ಕೆಲವು ದಿನ ಹಿಡಿಯಬಹುದು” ಎಂದು ಎರಡನ್ನೂ ಹೇಳಬೇಕು. ಕರಾರಿನ ತುದಿಯಲ್ಲಿ “ಭಿನ್ನತೆ ಕಂಡರೆ ಇಂಗ್ಲಿಷ್ ಪಠ್ಯವೇ ಅಂತಿಮ” ಎಂಬ ಸಾಲು ಇರುವುದುಂಟು. ಇದ್ದರೆ ಅದನ್ನೂ ಕನ್ನಡದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕಬೇಕು. ಕೆಳಗಿರುವ ಕನ್ನಡ ಎಷ್ಟು ತೂಕದ್ದು ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ.

ಎಷ್ಟೇ ತಿದ್ದಿದರೂ ಚೆನ್ನಾಗಿ ಕಾಣದ ಸಾಲುಗಳೂ ಇರುತ್ತವೆ. “ಸೇರಲು ಒಂದು ಸಲ ಒತ್ತಿದರೆ ಸಾಕು; ನಿಲ್ಲಿಸಲು ಕೆಲಸದ ದಿನ 10ರಿಂದ 5ರೊಳಗೆ ಫೋನ್ ಮಾಡಬೇಕು.” ಇದಕ್ಕಿಂತ ತಿಳಿಗನ್ನಡ ಬೇಡ. ಅಂಕುಡೊಂಕಾಗಿರುವುದು ಭಾಷೆಯಲ್ಲ, ವ್ಯವಸ್ಥೆ. ನಿಲ್ಲಿಸುವ ದಾರಿಯನ್ನು ಹೀಗೆ ಬೇಕೆಂದೇ ಕಷ್ಟವಾಗಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಚಂದಾದ ಬಲೆ ಎಂದೇ ಗುರುತಿಸಿ, 13 ವಂಚಕ ವಿನ್ಯಾಸಗಳ ಸಾಲಿಗೆ ಸೇರಿಸಿದೆ. ಹಾಗಾಗಿ ಅನುವಾದಕರು ಕಂಪನಿಗೆ ಕಳಿಸುವ ಕಡತದಲ್ಲಿ ತಿಳಿಗನ್ನಡದ ಪಠ್ಯದ ಪಕ್ಕ ಇನ್ನೊಂದು ಪಟ್ಟಿ ಇರಬೇಕಾಗುತ್ತದೆ: ಯಾವ ಸಾಲುಗಳನ್ನು ಬದಲಾಯಿಸಬೇಕಾದದ್ದು ಕನ್ನಡದಲ್ಲಲ್ಲ, ಆ್ಯಪಿನಲ್ಲಿ ಎಂಬ ಪಟ್ಟಿ.